ಲೋವರ್ ಸರ್ಕ್ಯೂಟ್‌ನಲ್ಲಿ ಸಿಕ್ಕಿಬಿದ್ದ ಷೇರು: ಚಾರ್ಟ್‌ನಲ್ಲಿ ಬೆಲೆಯಿದೆ, ಕೊಳ್ಳುವವರಿಲ್ಲ

ಪ್ರಶ್ನೆ: ಸಣ್ಣ ಕಂಪನಿಯೊಂದರ 2,000 ಷೇರುಗಳನ್ನು 100 ರೂಪಾಯಿಯಂತೆ ಕೊಂಡೆ. ಬೆಲೆ 97ಕ್ಕೆ ಇಳಿದರೆ ತಾನಾಗಿಯೇ ಮಾರಾಟವಾಗಲೆಂದು ಸ್ಟಾಪ್‌ಲಾಸ್ ಹಾಕಿದ್ದೆ. ಮರುದಿನದಿಂದಲೇ ಲೋವರ್ ಸರ್ಕ್ಯೂಟ್. ಐದು ದಿನಗಳಿಂದ ಪ್ರತಿದಿನ ಮಾರಾಟದ ಆರ್ಡರ್ ಹಾಕುತ್ತಿದ್ದೇನೆ, ಒಂದು ಷೇರೂ ಹೋಗಿಲ್ಲ. ಚಾರ್ಟ್ 77 ರೂಪಾಯಿ ಚಿಲ್ಲರೆ ತೋರಿಸುತ್ತಿದೆ. ತೋರಿಸುವ ಬೆಲೆಗೆ ಮಾರಲು ಏಕೆ ಆಗುತ್ತಿಲ್ಲ? ಸ್ಟಾಪ್‌ಲಾಸ್ ಏಕೆ ಕೆಲಸ ಮಾಡಲಿಲ್ಲ?

ಉತ್ತರ: ಚಾರ್ಟ್‌ನಲ್ಲಿ ನಿಮಗೆ ಕಾಣುತ್ತಿರುವ 77 ರೂಪಾಯಿಯನ್ನು ಕೊಳ್ಳುವವರೂ ಮಾರುವವರೂ ಚೌಕಾಸಿ ಮಾಡಿ ಒಪ್ಪಿಕೊಂಡ ಬೆಲೆಯೆಂದು ತಿಳಿಯಬೇಡಿ. ಆ ದಿನ ಬೆಲೆ ಎಷ್ಟು ಕೆಳಗಿಳಿಯಬಹುದು ಎಂದು ವಿನಿಮಯ ಕೇಂದ್ರವು ಬೆಳಿಗ್ಗೆಯೇ ಎಳೆದಿಟ್ಟ ಗೆರೆ ಅದು, ಅದನ್ನೇ ಲೋವರ್ ಸರ್ಕ್ಯೂಟ್ ಎನ್ನುವುದು. ಕೊಳ್ಳುವವರು ಕೊಡಲು ಸಿದ್ಧವಿರುವ ಬೆಲೆ ಆ ಗೆರೆಯ ಕೆಳಗೆ ಎಲ್ಲೋ ಇದೆ. ನಿಯಮದ ಪ್ರಕಾರ ಅಲ್ಲಿಗೆ ಇಳಿಯಲು ಅನುಮತಿ ಇಲ್ಲದಿರುವುದರಿಂದ ಚಾರ್ಟ್ ಆ ಗೆರೆಯನ್ನೇ ಬೆಲೆಯೆಂದು ತೋರಿಸುತ್ತದೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಇದರಲ್ಲೇ ಇದೆ, ಆದರೆ ಅದು ಹೇಗೆ ನಡೆಯುತ್ತದೆ ಎಂಬುದನ್ನು ಹಂತಹಂತವಾಗಿ ನೋಡಿದರೆ ಮಾತ್ರ ಮುಂದೆ ಏನು ಮಾಡಬೇಕೆಂದು ತಿಳಿಯುತ್ತದೆ.

ನಮ್ಮ ಎನ್‌ಎಸ್‌ಇ ಮತ್ತು ಬಿಎಸ್‌ಇಗಳಲ್ಲಿ ಷೇರುಗಳ ಪ್ರೈಸ್ ಬ್ಯಾಂಡ್, ಅಂದರೆ ಒಂದು ದಿನದಲ್ಲಿ ಬೆಲೆ ಏರಿಳಿಯಬಹುದಾದ ಮಿತಿ, ಸಾಮಾನ್ಯವಾಗಿ ಶೇ 2, 5, 10 ಅಥವಾ 20ರಷ್ಟಿರುತ್ತದೆ. ಹಿಂದಿನ ದಿನದ ಮುಕ್ತಾಯ ಬೆಲೆಯೇ ಇದರ ಆಧಾರ. ನಿಮ್ಮ ಷೇರಿನ ಬ್ಯಾಂಡ್ ಶೇ 5 ಎಂಬುದು ನೀವು ಕೊಟ್ಟಿರುವ ಅಂಕಿಗಳಿಂದಲೇ ಗೊತ್ತಾಗುತ್ತದೆ. 100 ರೂಪಾಯಿಗೆ ಮುಗಿದ ಷೇರು ಮರುದಿನ 95ಕ್ಕಿಂತ ಕೆಳಗೆ ಹೋಗುವಂತಿಲ್ಲ. 95ರಲ್ಲಿ ಮುಗಿದರೆ ಅದರ ಮರುದಿನದ ಗಡಿ 90.25, ನಂತರ ಸುಮಾರು 85.74, ಆಮೇಲೆ 81.46, ಐದನೆಯ ದಿನಕ್ಕೆ 77.39. ದಿನಕ್ಕೆ ಐದೇ ಐದು ಪ್ರತಿಶತ ಎಂದು ಅನಿಸಿದರೂ ಐದು ದಿನಗಳಲ್ಲಿ ಹೋದದ್ದು ಶೇ 22.6. ಹತ್ತು ದಿನ ಹೀಗೆಯೇ ಮುಂದುವರಿದರೆ 100 ರೂಪಾಯಿ 60ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಇನ್ನು ಕೊಳ್ಳುವವನ ಕಡೆಯಿಂದ ನೋಡೋಣ. ಕಂಪನಿಯ ಬಗ್ಗೆ ಕೆಟ್ಟ ಸುದ್ದಿ ಬಂದು, ಅದನ್ನು ಅರಿತವರು ಆ ಷೇರಿಗೆ 70 ರೂಪಾಯಿಗಿಂತ ಹೆಚ್ಚು ಕೊಡಬಾರದೆಂದು ತೀರ್ಮಾನಿಸಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ದಿನ 95ಕ್ಕೆ ಕೊಳ್ಳಬಹುದಾದವನಿಗೆ ನಾಳೆ ಅದೇ ಷೇರು 90.25ಕ್ಕೆ ಸಿಗುತ್ತದೆಂದು ಗೊತ್ತು, ನಾಡಿದ್ದು 86ಕ್ಕೂ ಕಡಿಮೆಗೆ ಸಿಗುತ್ತದೆಂದೂ ಗೊತ್ತು. ಹೀಗಿರುವಾಗ ಇವತ್ತೇ ಕೊಳ್ಳಲು ಅವನಿಗೆ ಯಾವ ಕಾರಣವೂ ಇಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ, ಬಹಳಷ್ಟು ಜನ ಇದನ್ನು ಗಮನಿಸುವುದಿಲ್ಲ. 70 ರೂಪಾಯಿಗೆ ಕೊಳ್ಳಲು ನಿಜವಾಗಿಯೂ ಸಿದ್ಧವಿರುವವನು ಆ ಬೆಲೆಗೆ ಆರ್ಡರ್ ಹಾಕಿದರೆ, ಅದು ಬ್ಯಾಂಡ್‌ನ ಹೊರಗಿದೆ ಎಂಬ ಕಾರಣಕ್ಕೆ ವಿನಿಮಯ ಕೇಂದ್ರದ ಗಣಕವ್ಯವಸ್ಥೆ ಆ ಆರ್ಡರನ್ನು ತಿರಸ್ಕರಿಸುತ್ತದೆ. ಅಂದರೆ ಕೊಳ್ಳುವವರು ಇಲ್ಲವೇ ಇಲ್ಲ ಎಂದಲ್ಲ, ಇದ್ದರೂ ಅವರು ನಿಮ್ಮ ಪರದೆಯ ಮೇಲೆ ಕಾಣುವಂತಿಲ್ಲ. ನಿಮ್ಮ ಷೇರಿಗೆ ಇರುವ ಬೇಡಿಕೆ ಯಾವ ಬೆಲೆಯಲ್ಲಿದೆ, ಎಷ್ಟಿದೆ ಎಂಬ ಮಾಹಿತಿ ಅಷ್ಟೂ ದಿನ ಮಾರುಕಟ್ಟೆಯಿಂದ ಮರೆಯಾಗಿರುತ್ತದೆ.

ಈಗ ಬ್ರೋಕರ್ ಆ್ಯಪ್‌ನಲ್ಲಿ ಮಾರ್ಕೆಟ್ ಡೆಪ್ತ್ ತೆರೆದು ನೋಡಿ. ಎಡಗಡೆ ಕೊಳ್ಳುವವರ ಐದು ಸಾಲುಗಳಲ್ಲೂ ಸೊನ್ನೆ ಇರುತ್ತದೆ. ಬಲಗಡೆ ಮಾರುವವರ ಮೊದಲ ಸಾಲಿನಲ್ಲೇ ಗಡಿಯ ಬೆಲೆ, ಅದರ ಮುಂದೆ ಒಂದು ದೊಡ್ಡ ಸಂಖ್ಯೆ. ಲೆಕ್ಕಕ್ಕೆ ಸುಲಭವಾಗಲೆಂದು ಅದನ್ನು 8,40,000 ಎಂದುಕೊಳ್ಳೋಣ. ಷೇರುಪೇಟೆಯಲ್ಲಿ ಆರ್ಡರ್‌ಗಳು ಹೊಂದಿಕೆಯಾಗುವುದು ಮೊದಲು ಬೆಲೆಯ ಮೇಲೆ, ಬೆಲೆ ಒಂದೇ ಆಗಿದ್ದರೆ ಸಮಯದ ಮೇಲೆ. ಸಾಮಾನ್ಯ ದಿನಗಳಲ್ಲಿ ನಿಮಗೆ ಬೇಗ ಹೊರಬರಬೇಕೆಂದರೆ ಹತ್ತು ಪೈಸೆ ಕಡಿಮೆಗೆ ಮಾರಲು ಒಪ್ಪಿ ಎಲ್ಲರಿಗಿಂತ ಮುಂದೆ ಹೋಗಬಹುದು. ಗಡಿಯಲ್ಲಿ ನಿಂತಾಗ ಆ ದಾರಿ ಮುಚ್ಚಿಹೋಗುತ್ತದೆ, ಏಕೆಂದರೆ ಅದಕ್ಕಿಂತ ಕಡಿಮೆ ಬೆಲೆ ಕೇಳಲು ಯಾರಿಗೂ ಸಾಧ್ಯವಿಲ್ಲ. ಎಲ್ಲರೂ ಒಂದೇ ಬೆಲೆಯಲ್ಲಿ ನಿಂತಿರುವುದರಿಂದ ಉಳಿಯುವುದು ಸಮಯದ ಸರದಿ ಮಾತ್ರ. ಆ ದಿನ ಒಟ್ಟು 31,500 ಷೇರುಗಳ ವಹಿವಾಟು ನಡೆದಿದ್ದರೆ, ಸರದಿಯ ಮುಂದಿನ 31,500 ಷೇರುಗಳಿಗೆ ಮಾತ್ರ ಬಿಡುಗಡೆ ಸಿಕ್ಕಿತು. ನಿಮ್ಮ 2,000 ಷೇರುಗಳು ಸರದಿಯಲ್ಲಿ ನಾಲ್ಕು ಲಕ್ಷದ ಹಿಂದಿದ್ದರೆ ಆ ವಹಿವಾಟಿನಿಂದ ನಿಮಗೆ ಏನೂ ಬಂದಿಲ್ಲ. ಆದರೆ ಚಾರ್ಟ್‌ನ ಕೆಳಭಾಗದಲ್ಲಿ ಆ ದಿನದ ವಹಿವಾಟಿನ ಕಂಬ ಮಾತ್ರ ಎದ್ದು ನಿಂತಿರುತ್ತದೆ. ಅದನ್ನು ನೋಡಿ, ಇಷ್ಟು ಜನ ಮಾರಿದ್ದಾರಲ್ಲ, ನಾನೂ ಮಾರಬಹುದಿತ್ತು ಎಂದು ಕೊರಗಬೇಡಿ.

ಸ್ಟಾಪ್‌ಲಾಸ್ ವಿಷಯಕ್ಕೆ ಬರುತ್ತೇನೆ. ಸ್ಟಾಪ್‌ಲಾಸ್ ಆರ್ಡರ್ ಜಾಗೃತವಾಗುವುದು ಕೊನೆಯದಾಗಿ ವಹಿವಾಟಾದ ಬೆಲೆಯನ್ನು ನೋಡಿ. ಬೆಳಿಗ್ಗೆ 95ರಲ್ಲಿ ಲಕ್ಷಗಟ್ಟಲೆ ಷೇರು ಮಾರಾಟಕ್ಕೆ ಬಂದು ನಿಂತಿದ್ದರೂ, ಒಂದು ವಹಿವಾಟಾದರೂ ನಡೆಯುವ ತನಕ ಕೊನೆಯ ಬೆಲೆ ನಿನ್ನೆಯ 100ರಲ್ಲೇ ಇರುತ್ತದೆ. ಆ ತನಕ 97ರ ನಿಮ್ಮ ಸ್ಟಾಪ್‌ಲಾಸ್ ನಿದ್ರೆಯಲ್ಲೇ ಇರುತ್ತದೆ. ಯಾರೋ ಒಬ್ಬರು 95ಕ್ಕೆ ನೂರು ಷೇರು ಕೊಂಡಾಗ ಅದು ಎಚ್ಚರಗೊಂಡು ಮಾರಾಟದ ಆರ್ಡರ್ ಆಗಿ ಸರದಿಗೆ ಸೇರುತ್ತದೆ. ನೀವು ಸ್ಟಾಪ್‌ಲಾಸ್ ಹಾಕಿದ ಸಮಯ ಇಲ್ಲಿ ಗಣನೆಗೆ ಬರುವುದಿಲ್ಲ, ಅದು ಎಚ್ಚರಗೊಂಡ ಕ್ಷಣವೇ ಅದರ ಸಮಯವಾಗುತ್ತದೆ. ಒಂಬತ್ತು ಗಂಟೆಗೇ ನೇರವಾಗಿ 95ಕ್ಕೆ ಆರ್ಡರ್ ಹಾಕಿದವರೆಲ್ಲ ಅಷ್ಟರಲ್ಲಿ ನಿಮಗಿಂತ ಮುಂದಿರುತ್ತಾರೆ. ಇದಕ್ಕಿಂತ ಕೆಟ್ಟ ಸಾಧ್ಯತೆಯೂ ಇದೆ. ನೀವು 97ಕ್ಕೆ ಎಚ್ಚರಗೊಂಡು 96.50ಕ್ಕೆ ಮಾರುವಂತೆ ಲಿಮಿಟ್ ಕೊಟ್ಟಿದ್ದರೆ, ಆ ಆರ್ಡರ್ 96.50ರಲ್ಲಿ ಹೋಗಿ ಕೂರುತ್ತದೆ, ಅಂದರೆ 95ರಲ್ಲಿ ನಿಂತಿರುವ ಎಂಟು ಲಕ್ಷ ನಲವತ್ತು ಸಾವಿರ ಷೇರುಗಳೆಲ್ಲವೂ ಖಾಲಿಯಾದ ಮೇಲೆ ಅದರ ಸರದಿ. ಬ್ರೋಕರ್‌ಗಳು ಕೊಡುವ ಜಿಟಿಟಿ ಸೌಲಭ್ಯದ್ದೂ ಇದೇ ಕಥೆ, ಏಕೆಂದರೆ ಅದು ಬ್ರೋಕರ್‌ನ ಕಂಪ್ಯೂಟರ್‌ನಲ್ಲಿ ಕಾಯುತ್ತಿದ್ದು ಬೆಲೆ ಮುಟ್ಟಿದ ನಂತರವಷ್ಟೇ ವಿನಿಮಯ ಕೇಂದ್ರಕ್ಕೆ ಆರ್ಡರ್ ಕಳುಹಿಸುತ್ತದೆ. ಬೆಲೆ ಮೆಟ್ಟಿಲಿಳಿದಂತೆ ಇಳಿಯುವಾಗ ಮಾತ್ರ ಸ್ಟಾಪ್‌ಲಾಸ್ ಉಪಯೋಗಕ್ಕೆ ಬರುತ್ತದೆ. ನಡುವಿನ ಮೆಟ್ಟಿಲುಗಳಲ್ಲಿ ಕೊಳ್ಳುವವರೇ ಇಲ್ಲದಿದ್ದಾಗ ಅದು ನಿಮ್ಮನ್ನು ಸರದಿಯ ಕೊನೆಗೆ ಸೇರಿಸುತ್ತದೆ, ಅಷ್ಟೇ.

ಮಧ್ಯಾಹ್ನ ಮೂರೂವರೆಗೆ ಆ ದಿನದ ಆರ್ಡರ್‌ಗಳೆಲ್ಲ ರದ್ದಾಗುತ್ತವೆ. ಇಡೀ ದಿನ ಕಾದು ನೀವು ಸರದಿಯಲ್ಲಿ ಎಷ್ಟೇ ಮುಂದೆ ಬಂದಿದ್ದರೂ ಆ ಸ್ಥಾನ ನಾಳೆಗೆ ಉಳಿಯುವುದಿಲ್ಲ. ದಿನದ ಮುಕ್ತಾಯ ಬೆಲೆಯನ್ನು ಕೊನೆಯ ಅರ್ಧ ಗಂಟೆಯ ವಹಿವಾಟಿನ ತೂಕದ ಸರಾಸರಿಯಿಂದ ಲೆಕ್ಕ ಹಾಕುತ್ತಾರೆ. ಆ ಅವಧಿಯಲ್ಲಿ ವಹಿವಾಟು ಇಲ್ಲದಿದ್ದರೆ ಕೊನೆಯ ವಹಿವಾಟಿನ ಬೆಲೆಯೇ ಮುಕ್ತಾಯ ಬೆಲೆ. ಹೀಗಾಗಿ ದಿನವಿಡೀ ಕೆಲವೇ ನೂರು ಷೇರುಗಳು 95ರಲ್ಲಿ ಕೈಬದಲಾದರೂ ಮರುದಿನದ ಗಡಿ 90.25ಕ್ಕೆ ಇಳಿದುಬಿಡುತ್ತದೆ. ಕೆಲವು ನೂರು ಷೇರುಗಳ ವಹಿವಾಟು ನಿಮ್ಮ 2,000 ಷೇರುಗಳ ಮೌಲ್ಯವನ್ನು ನಿರ್ಧರಿಸುತ್ತದೆ, ಅವುಗಳಿಗೆ ದಾರಿ ಮಾತ್ರ ಕೊಡುವುದಿಲ್ಲ.

ಇದು ಸಣ್ಣ, ಸಂಶಯಾಸ್ಪದ ಕಂಪನಿಗಳಿಗೆ ಮಾತ್ರ ಆಗುವಂಥದ್ದು ಎಂದು ಭಾವಿಸಬೇಡಿ. ಜಿಯೊ ಫೈನಾನ್ಷಿಯಲ್ ಸರ್ವಿಸಸ್‌ನ ಉದಾಹರಣೆ ಎಲ್ಲರೂ ನೋಡಿದ್ದು. ರಿಲಯನ್ಸ್ ಇಂಡಸ್ಟ್ರೀಸ್‌ನಿಂದ ಬೇರ್ಪಟ್ಟ ಆ ಕಂಪನಿಯ ಷೇರು 2023ರ ಆಗಸ್ಟ್ 21ರಂದು ಬಿಎಸ್‌ಇಯಲ್ಲಿ 265 ರೂಪಾಯಿಗೆ ನೋಂದಣಿಯಾಯಿತು. ಮೊದಲ ಹತ್ತು ದಿನ ಅದನ್ನು ಟ್ರೇಡ್-ಟು-ಟ್ರೇಡ್ ವಿಭಾಗದಲ್ಲಿ ಇಡಲಾಗಿತ್ತು, ಅಂದರೆ ಅಂದೇ ಕೊಂಡು ಅಂದೇ ಮಾರುವಂತಿಲ್ಲ, ಬ್ಯಾಂಡ್ ಶೇ 5. ರಿಲಯನ್ಸ್ ಸೂಚ್ಯಂಕಗಳಲ್ಲಿದ್ದ ಕಾರಣ ಹೊಸ ಷೇರೂ ತಾತ್ಕಾಲಿಕವಾಗಿ ಸೂಚ್ಯಂಕದೊಳಗೆ ಬಂದಿತ್ತು. ಅದನ್ನು ಹೊರಗಿಡುವಾಗ ಸೂಚ್ಯಂಕ ಆಧಾರಿತ ಫಂಡ್‌ಗಳು ಮಾರಲೇಬೇಕೆಂದು ಮಾರುಕಟ್ಟೆಗೆ ಮೊದಲೇ ಗೊತ್ತಿತ್ತು. ಮೊದಲ ದಿನ 251.75, ಎರಡನೆಯ ದಿನ 239.20, ನಂತರ 227.25, ನಾಲ್ಕನೆಯ ದಿನ 215.90, ನಾಲ್ಕೂ ದಿನ ಮುಕ್ತಾಯ ಗಡಿಯಲ್ಲೇ. ಕಂಪನಿಯಲ್ಲಿ ಯಾವ ಹಗರಣವೂ ಇರಲಿಲ್ಲ, ದೇಶದ ಅತಿ ದೊಡ್ಡ ಉದ್ಯಮ ಸಮೂಹಗಳಲ್ಲೊಂದರ ಭಾಗ ಅದು. ಆದರೂ ಷೇರು ಸತತವಾಗಿ ಗಡಿ ಮುಟ್ಟುತ್ತಿದ್ದುದರಿಂದ ಸೂಚ್ಯಂಕದಿಂದ ಹೊರಗಿಡುವ ದಿನವನ್ನೇ ಮುಂದೂಡಬೇಕಾಯಿತು. ಗಡಿಯಲ್ಲಿ ನಿಂತ ಷೇರನ್ನು ದೊಡ್ಡ ಫಂಡ್‌ಗಳೂ ಬೇಕಾದ ಪ್ರಮಾಣದಲ್ಲಿ ಮಾರಲಾರವು ಎಂಬುದನ್ನು ಸೂಚ್ಯಂಕ ರೂಪಿಸುವವರೇ ತಮ್ಮ ನಿಯಮದಲ್ಲಿ ಒಪ್ಪಿಕೊಂಡಿದ್ದಾರೆ. ಆ ಷೇರಿನಲ್ಲಿ ಕೊಳ್ಳುವವರು ಅಪಾರವಾಗಿದ್ದರು, ಹಾಗಾಗಿ ಐದನೆಯ ದಿನ ಗಡಿಯ ಬೀಗ ತೆರೆಯಿತು. ನಿಮ್ಮದರಂಥ ಸಣ್ಣ ಷೇರಿನಲ್ಲಿ ಕೊಳ್ಳುವವರೇ ವಿರಳವಾದ್ದರಿಂದ ಬೀಗ ಹೆಚ್ಚು ದಿನ ಉಳಿಯುತ್ತದೆ.

ಎಲ್ಲ ಷೇರುಗಳಿಗೂ ಹೀಗಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ಇರುವ ಷೇರುಗಳಿಗೆ ಇಂತಹ ಸ್ಥಿರ ಬ್ಯಾಂಡ್ ಇಲ್ಲ. ಅವುಗಳಿಗೆ ಶೇ 10ರ ಒಂದು ಗಡಿ ಇದ್ದರೂ, ಅಲ್ಲಿ ವಹಿವಾಟು ನಡೆಯುತ್ತಿದ್ದರೆ ಸ್ವಲ್ಪ ಸಮಯದ ನಂತರ ಅದನ್ನು ಅದೇ ದಿನ ಮುಂದಕ್ಕೆ ಸರಿಸುತ್ತಾರೆ. ನಷ್ಟ ದೊಡ್ಡದಾಗಬಹುದು, ಆದರೆ ಹೊರಬರಲು ದಾರಿ ಸಿಗುತ್ತದೆ. ಇಡೀ ಮಾರುಕಟ್ಟೆಗೆ ಅನ್ವಯಿಸುವ ಸರ್ಕ್ಯೂಟ್ ಬ್ರೇಕರ್ ಮತ್ತೂ ಬೇರೆ. 2020ರ ಮಾರ್ಚ್ 13ರಂದು ನಿಫ್ಟಿ ಶೇ 10 ಕುಸಿದಾಗ ವಹಿವಾಟನ್ನೇ ನಿಲ್ಲಿಸಿ, ನಂತರ ಮತ್ತೆ ಆರಂಭಿಸಲಾಯಿತು, ದಿನದ ಕೊನೆಗೆ ಸೂಚ್ಯಂಕ ಏರಿಕೆಯಲ್ಲೇ ಮುಗಿಯಿತು. ಅಲ್ಲಿ ವಿರಾಮದ ನಂತರ ಹೊಸ ಬೆಲೆ ಹುಡುಕಲು ಅವಕಾಶವಿತ್ತು. ನಿಮ್ಮ ಷೇರಿನಲ್ಲಿ ವಹಿವಾಟಿನ ಬಾಗಿಲು ತೆರೆದೇ ಇದೆ, ಬೆಲೆಗೆ ಮಾತ್ರ ಬೀಗ ಬಿದ್ದಿದೆ.

ಚಾರ್ಟ್ ನೋಡಿ ನಿರ್ಧಾರ ಮಾಡುವವರಿಗೆ ಇದರಿಂದ ಒಂದು ನಿರ್ದಿಷ್ಟ ತೊಂದರೆ ಇದೆ. ಬೀಗ ಬಿದ್ದ ದಿನದ ಕ್ಯಾಂಡಲ್‌ನಲ್ಲಿ ಆರಂಭ, ಗರಿಷ್ಠ, ಕನಿಷ್ಠ, ಮುಕ್ತಾಯ ಎಲ್ಲವೂ ಒಂದೇ ಆಗಿ ಅದು ಒಂದು ಅಡ್ಡಗೆರೆಯಾಗಿ ಕಾಣುತ್ತದೆ. ಅಂತಹ ಗೆರೆಗಳ ಮೇಲೆ, ಬೆಲೆಯ ಏರಿಳಿತದ ಬಲ ಅಳೆಯುವ ಆರ್‌ಎಸ್‌ಐ ಸೂಚಕ ಹಾಕಿದರೆ ಅದು ತೀರಾ ಕೆಳಗಿಳಿದು, ಷೇರು ಅತಿಯಾಗಿ ಮಾರಾಟವಾಗಿದೆ ಎನ್ನುತ್ತದೆ. ನಿಜಕ್ಕೂ ಆಗಿರುವುದು ಅದಕ್ಕೆ ವಿರುದ್ಧ, ಮಾರಬೇಕಾದ ಷೇರುಗಳು ಮಾರಾಟವಾಗದೆ ಹಾಗೆಯೇ ಉಳಿದಿವೆ. ಸರಾಸರಿ ಗೆರೆ, ಬೆಂಬಲದ ಮಟ್ಟ ಮುಂತಾದವುಗಳಿಗೂ ಆ ದಿನಗಳಲ್ಲಿ ಅರ್ಥವಿಲ್ಲ, ಏಕೆಂದರೆ ಅವು ಲೆಕ್ಕಕ್ಕೆ ತೆಗೆದುಕೊಳ್ಳುವ ಬೆಲೆಗಳು ನಿಯಮ ಹೇರಿದ ಬೆಲೆಗಳು. ಹಳೆಯ ಬೆಲೆಗಳ ಮೇಲೆ ತಮ್ಮ ವಿಧಾನವನ್ನು ಪರೀಕ್ಷಿಸುವವರು ಇಲ್ಲೇ ಎಡವುತ್ತಾರೆ. ಅವರ ಲೆಕ್ಕದಲ್ಲಿ ನಿಮ್ಮ ಪ್ರಕರಣ 97ಕ್ಕೆ ಅಥವಾ ಹೆಚ್ಚೆಂದರೆ 95ಕ್ಕೆ ಮಾರಾಟವಾಗಿ ಮುಗಿದಿರುತ್ತದೆ. ಕೆಳಗಿನ ಗಡಿಯಲ್ಲಿ ನಾಲ್ಕೂ ಬೆಲೆಗಳು ಒಂದೇ ಆಗಿರುವ ದಿನವನ್ನು ಮಾರಾಟವೇ ಆಗದ ದಿನವೆಂದು ಪರಿಗಣಿಸಿ, ಬೆಲೆ ಗಡಿಯಿಂದ ಮೇಲೆದ್ದ ಮೊದಲ ದಿನವೇ ಹೊರಬಂದಂತೆ ಲೆಕ್ಕ ಹಾಕಿದರೆ ಮಾತ್ರ ಅಂತಹ ಪರೀಕ್ಷೆ ನಂಬಲರ್ಹ. ಹಾಗೆ ಮತ್ತೆ ಲೆಕ್ಕ ಹಾಕಿದಾಗ, ಸಣ್ಣ ಷೇರುಗಳ ಮೇಲೆ ಚೆನ್ನಾಗಿ ಕಂಡ ಎಷ್ಟೋ ವಿಧಾನಗಳು ನಷ್ಟಕ್ಕೆ ತಿರುಗುವುದನ್ನು ನಾನು ನೋಡಿದ್ದೇನೆ.

ಈಗ ನಾಳೆ ಬೆಳಿಗ್ಗೆ ನೀವು ಮಾಡಬಹುದಾದದ್ದು. ಹೆಚ್ಚಿನ ಷೇರುಗಳಿಗೆ ಒಂಬತ್ತು ಗಂಟೆಗೆ ಪ್ರಿ-ಓಪನ್ ಅವಧಿ ಆರಂಭವಾಗುತ್ತದೆ, ಅಲ್ಲಿ ಹೊಂದಿಕೆಯಾಗದೆ ಉಳಿದ ಲಿಮಿಟ್ ಆರ್ಡರ್ ತನ್ನ ಸಮಯವನ್ನು ಉಳಿಸಿಕೊಂಡೇ ಒಂಬತ್ತೂಕಾಲರ ವಹಿವಾಟಿಗೆ ಸಾಗುತ್ತದೆ. ಆದ್ದರಿಂದ ಒಂಬತ್ತೂಕಾಲಿಗೆ ಆ್ಯಪ್ ತೆರೆಯುವವನಿಗೆ ಸರದಿಯ ಮುಂಭಾಗದಲ್ಲಿ ಜಾಗವೇ ಉಳಿದಿರುವುದಿಲ್ಲ. ಹಿಂದಿನ ರಾತ್ರಿಯೇ ಮುಂಗಡ ಆರ್ಡರ್ ಹಾಕುವ ಸೌಲಭ್ಯವಿದ್ದರೆ ಬಳಸಿ, ಅಥವಾ ಒಂಬತ್ತು ಗಂಟೆಯ ಮೊದಲ ಕ್ಷಣಗಳಲ್ಲೇ ಹಾಕಿ. ಬೆಲೆಯನ್ನು ಆ ದಿನದ ಕೆಳಗಡಿಗೇ ಇಡಿ. ಐವತ್ತು ಪೈಸೆಯ ಆಸೆಗೆ ಸ್ವಲ್ಪ ಮೇಲೆ ಇಟ್ಟರೆ ಇಡೀ ಸರದಿಯ ಹಿಂದೆ ಹೋಗುತ್ತೀರಿ. ಗಡಿಗೆ ಆರ್ಡರ್ ಹಾಕಿದ ಮಾತ್ರಕ್ಕೆ ಕಡಿಮೆಗೇ ಮಾರಾಟವಾಗುತ್ತದೆಂಬ ಭಯ ಬೇಡ, ಮೇಲಿನ ಬೆಲೆಗೆ ಕೊಳ್ಳುವವನಿದ್ದರೆ ವ್ಯವಸ್ಥೆ ನಿಮಗೆ ಆ ಮೇಲಿನ ಬೆಲೆಯನ್ನೇ ಕೊಡುತ್ತದೆ. ಒಮ್ಮೆ ಹಾಕಿದ ಮೇಲೆ ಆರ್ಡರನ್ನು ಮುಟ್ಟಬೇಡಿ. ಬೆಲೆ ಬದಲಿಸಿದರೆ ಅಥವಾ ಸಂಖ್ಯೆ ಹೆಚ್ಚಿಸಿದರೆ ನಿಮ್ಮ ಸಮಯ ಹೊಸದಾಗಿ ದಾಖಲಾಗುತ್ತದೆ.

ಷೇರು ಎನ್‌ಎಸ್‌ಇ, ಬಿಎಸ್‌ಇ ಎರಡರಲ್ಲೂ ಇದ್ದರೆ ಎರಡರ ಸರದಿಯೂ ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ಆ್ಯಪ್ ತಾನಾಗಿಯೇ ಆಯ್ದುಕೊಡುವ ಒಂದು ಕೇಂದ್ರದಲ್ಲೇ ದಿನವೂ ಆರ್ಡರ್ ಹಾಕುವವರೇ ಹೆಚ್ಚು. ಎರಡರಲ್ಲೂ ಬಾಕಿ ನಿಂತಿರುವ ಮಾರಾಟದ ಸಂಖ್ಯೆಯನ್ನೂ ಆ ದಿನ ನಡೆದ ವಹಿವಾಟನ್ನೂ ಬರೆದುಕೊಳ್ಳಿ. ಒಂದರಲ್ಲಿ 8,40,000 ಬಾಕಿಗೆ 31,500 ವಹಿವಾಟು, ಇನ್ನೊಂದರಲ್ಲಿ 90,000 ಬಾಕಿಗೆ 12,000 ವಹಿವಾಟು ಇದ್ದರೆ ಎರಡನೆಯದರಲ್ಲಿ ನಿಮ್ಮ ಅವಕಾಶ ಮೂರು ಪಟ್ಟಿಗಿಂತ ಹೆಚ್ಚು. ಇರುವ 2,000 ಷೇರುಗಳನ್ನು ಎರಡರ ನಡುವೆ ಹಂಚಿಯೂ ಹಾಕಬಹುದು, ಆದರೆ ಒಟ್ಟು ಸಂಖ್ಯೆ ನಿಮ್ಮ ಖಾತೆಯಲ್ಲಿರುವುದನ್ನು ಮೀರಬಾರದು.

ಬೀಗ ಸಡಿಲವಾಗುತ್ತಿದೆಯೇ ಎಂದು ತಿಳಿಯಲು ಬೆಲೆಯನ್ನು ನೋಡಿ ಪ್ರಯೋಜನವಿಲ್ಲ, ಅದು ಕೊನೆಯ ಕ್ಷಣದವರೆಗೂ ಅಲುಗುವುದಿಲ್ಲ. ಬಾಕಿ ಮಾರಾಟದ ಸಂಖ್ಯೆಯನ್ನು ಅರ್ಧ ಗಂಟೆಗೊಮ್ಮೆ ನೋಡಿ. ಅದು ಎಂಟು ಲಕ್ಷದಿಂದ ಐದು ಲಕ್ಷಕ್ಕೆ ಇಳಿದು, ಅದೇ ಅವಧಿಯಲ್ಲಿ ವಹಿವಾಟೂ ಸುಮಾರು ಮೂರು ಲಕ್ಷ ಏರಿದ್ದರೆ ನಿಜವಾದ ಕೊಳ್ಳುವವರು ಬಂದಿದ್ದಾರೆ ಎಂದರ್ಥ. ಬಾಕಿ ಇಳಿದರೂ ವಹಿವಾಟು ಏರದಿದ್ದರೆ ಮಾರುವವರು ತಮ್ಮ ಆರ್ಡರ್‌ಗಳನ್ನು ಹಿಂತೆಗೆದುಕೊಂಡಿದ್ದಾರೆ, ನಾಳೆ ಬೆಳಿಗ್ಗೆ ಅವರೇ ಮತ್ತೆ ಬರಬಹುದು. ಬೀಗ ತೆರೆದು ಬೆಲೆ ಒಂದೆರಡು ರೂಪಾಯಿ ಮೇಲೆದ್ದಾಗ, ಇನ್ನೂ ಏರಲಿ ಎಂದು ಆರ್ಡರ್ ಹಿಂತೆಗೆದುಕೊಳ್ಳುವವರನ್ನು ಬಹಳ ಕಂಡಿದ್ದೇನೆ. ಸಂಜೆಯೊಳಗೆ ಷೇರು ಮತ್ತೆ ಗಡಿಗೆ ಬಂದು ನಿಂತ ಸಂದರ್ಭಗಳೂ ಅಷ್ಟೇ ಇವೆ. ಅಲ್ಲಿಯವರೆಗೆ ಸರಾಸರಿ ಇಳಿಸಲೆಂದು ಇನ್ನಷ್ಟು ಕೊಳ್ಳಬೇಡಿ. ಕೊಳ್ಳುವುದು ಅಲ್ಲಿ ಕ್ಷಣದ ಕೆಲಸ, ಮಾರಲು ಆಗದಿರುವುದೇ ನಿಮ್ಮ ಸಮಸ್ಯೆ.

ಕಷ್ಟದ ಸಮಯದಲ್ಲೇ ಬ್ಯಾಂಡ್ ಇನ್ನಷ್ಟು ಕಿರಿದಾಗಬಹುದು ಎಂಬುದನ್ನೂ ಎಣಿಸಿರಬೇಕು. ಎಎಸ್‌ಎಂ, ಜಿಎಸ್‌ಎಂ, ಇಎಸ್‌ಎಂ ಎಂಬ ನಿಗಾ ಪಟ್ಟಿಗಳಿಗೆ ಸೇರಿದ ಷೇರಿನ ಬ್ಯಾಂಡ್ ಶೇ 5ಕ್ಕೆ ಅಥವಾ 2ಕ್ಕೆ ಇಳಿಯಬಹುದು, ಜಿಎಸ್‌ಎಂನ ಕಠಿಣ ಹಂತದಲ್ಲಿ ವಾರಕ್ಕೊಂದೇ ದಿನ ವಹಿವಾಟು. ಶೇ 20ರಷ್ಟು ಇಳಿಯಬೇಕಾದ ಷೇರು ಶೇ 5ರ ಬ್ಯಾಂಡ್‌ನಲ್ಲಿ ನಾಲ್ಕೈದು ದಿನ ತೆಗೆದುಕೊಂಡರೆ, ಶೇ 2ರ ಬ್ಯಾಂಡ್‌ನಲ್ಲಿ ಹನ್ನೊಂದು ದಿನ ತೆಗೆದುಕೊಳ್ಳುತ್ತದೆ. ನಷ್ಟ ಅಷ್ಟೇ ಇರುತ್ತದೆ, ಕಾಯುವ ದಿನಗಳು ಹೆಚ್ಚುತ್ತವೆ. ಬ್ರೋಕರ್‌ನಿಂದ ಸಾಲ ಪಡೆದು ಕೊಂಡವರಿಗೆ ಆ ಅಷ್ಟೂ ದಿನಗಳ ಬಡ್ಡಿ ಮತ್ತು ಮಾರ್ಜಿನ್ ಬೇಡಿಕೆ ಬೇರೆ ಬರುತ್ತದೆ, ಮಾರಿ ತೀರಿಸಲು ದಾರಿಯಿರುವುದಿಲ್ಲ.

ಹೀಗಿರುವುದರಿಂದ ಸ್ಥಿರ ಬ್ಯಾಂಡ್ ಇರುವ ಷೇರಿನಲ್ಲಿ ನಷ್ಟದ ಮಿತಿಯನ್ನು ಸ್ಟಾಪ್‌ಲಾಸ್‌ನಿಂದ ಲೆಕ್ಕ ಹಾಕದೆ, ಬೀಗ ಬೀಳುವ ದಿನಗಳಿಂದ ಲೆಕ್ಕ ಹಾಕಬೇಕು. 97ರ ಸ್ಟಾಪ್‌ಲಾಸ್ ನಂಬಿದ ನಿಮ್ಮ ಲೆಕ್ಕದಲ್ಲಿ ನಷ್ಟ 6,000 ರೂಪಾಯಿ. ಇವತ್ತಿನ ಗಡಿಯ ಬೆಲೆಗೆ ಮಾರಾಟವಾದರೂ ಅದು 45,000 ದಾಟಿದೆ. ಒಂದು ಷೇರಿನಲ್ಲಿ 6,000ಕ್ಕಿಂತ ಹೆಚ್ಚು ಕಳೆದುಕೊಳ್ಳಲು ಮನಸ್ಸಿಲ್ಲದಿದ್ದರೆ, ಐದು ದಿನಗಳ ಬೀಗವನ್ನು ಮೊದಲೇ ಎಣಿಸಿ, ಷೇರೊಂದಕ್ಕೆ 22.61 ರೂಪಾಯಿ ನಷ್ಟವೆಂದು ಭಾಗಿಸಿದಾಗ ಕೊಳ್ಳಬಹುದಾದದ್ದು ಸುಮಾರು 265 ಷೇರುಗಳು. 2,000ಕ್ಕೂ 265ಕ್ಕೂ ಇರುವ ಅಂತರವನ್ನು ಗಮನಿಸಿ. ಶೇ 5ರ ಬ್ಯಾಂಡ್‌ನ ಷೇರು ಕೊಳ್ಳುವ ಮೊದಲು ನಾನು ಹಿಂದಿನ ಒಂದು ವರ್ಷದ ಚಾರ್ಟ್‌ನಲ್ಲಿ ಅಡ್ಡಗೆರೆಯ ಕ್ಯಾಂಡಲ್‌ಗಳು ಸತತವಾಗಿ ಅತಿ ಹೆಚ್ಚೆಂದರೆ ಎಷ್ಟು ಬಂದಿವೆ ಎಂದು ಎಣಿಸುತ್ತೇನೆ, ಐದಕ್ಕಿಂತ ಹೆಚ್ಚು ಬಂದಿದ್ದರೆ ಐದರ ಬದಲು ಆ ಸಂಖ್ಯೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇನೆ.

ಆ ಎಣಿಕೆಯಲ್ಲಿ ಮೇಲ್ಮುಖದ ಬೀಗಗಳನ್ನೂ ಸೇರಿಸುತ್ತೇನೆ. ಅಪ್ಪರ್ ಸರ್ಕ್ಯೂಟ್‌ನಲ್ಲಿ ದಿನಗಟ್ಟಲೆ ಏರಿದ ಷೇರಿನಲ್ಲಿ ಸಾಮಾನ್ಯವಾಗಿ ಮಾರುವವರು ಕಡಿಮೆ, ಮನಸ್ಸು ಬದಲಾದ ದಿನ ಅದೇ ಷೇರು ಕೆಳಗಡೆಯೂ ಹಾಗೆಯೇ ಬೀಗ ಹಾಕಿಕೊಳ್ಳುತ್ತದೆ. ಅಪ್ಪರ್ ಸರ್ಕ್ಯೂಟ್‌ನ ದಿನ ಡೆಪ್ತ್‌ನ ಎಡಗಡೆ ಲಕ್ಷಗಟ್ಟಲೆ ಕೊಳ್ಳುವವರು ಸಾಲುಗಟ್ಟಿರುತ್ತಾರೆ, ಬಲಗಡೆ ಸೊನ್ನೆ. ಷೇರು ಕೈಯಲ್ಲಿರುವವನು ಅವತ್ತು 2,000 ಷೇರುಗಳಿಗೆ ಮಾರಾಟದ ಗುಂಡಿ ಒತ್ತಿದರೆ ಅವು ಅದೇ ಕ್ಷಣದಲ್ಲಿ, ಪೂರ್ತಿಯಾಗಿ, ಚಾರ್ಟ್ ತೋರಿಸುವ ಬೆಲೆಗೇ ಮಾರಾಟವಾಗುತ್ತವೆ.